ಮತ್ತಿಯ ಹೊಟ್ಟೆಗೆ ಪ್ಲಾಸ್ಟಿಕ್ ಹೋಗುವ ದಾರಿ

"ಅತ್ತೆ, ಮೀನಿನ ಒಳಗೆ ಪ್ಲಾಸ್ಟಿಕ್ ಇರುತ್ತೆ ಅಂತಾರಲ್ಲ, ಅಷ್ಟು ದೊಡ್ಡ ಚೀಲ, ಬಾಟಲಿ ಎಲ್ಲ ಮತ್ತಿಯಂಥ ಸಣ್ಣ ಮೀನಿನ ಹೊಟ್ಟೆಗೆ ಹೋಗೋದು ಹೇಗೆ? ನಾವು ಮತ್ತಿ ತಿನ್ನಬಹುದಾ, ಬೇಡವಾ?"

ಪುಟ್ಟಿ, ಇದನ್ನು ಎರಡು ಸಾಲಲ್ಲಿ ಟೈಪ್ ಮಾಡೋಕೆ ಆಗಲ್ಲ, ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಮೊದಲು ನಮ್ಮ ಕಣಕ್ಕೆ ಹೋಗು. ಕಾಫಿ ಒಣಗಿಸುವ ನೀಲಿ ಟಾರ್ಪಾಲ್ ಇದೆಯಲ್ಲ, ಮೂರು ವರ್ಷ ಹಳೆಯದು, ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡು. ಬಣ್ಣ ಮಾಸಿ ಬೂದಿ ಬಳಿದ ಹಾಗಿರುತ್ತದೆ, ಮಡಿಸಿದ ಕಡೆ ಪಟಪಟ ಅಂತ ಮುರಿಯುತ್ತದೆ, ಬೆರಳಿಗೆ ನೀಲಿ ಪುಡಿ ಹತ್ತುತ್ತದೆ. ಅದೇ ಟಾರ್ಪಾಲಿನ ಒಂದು ತುಂಡು ಅಟ್ಟದ ಮೇಲೆ ಕತ್ತಲಲ್ಲಿ ಬಿದ್ದಿದ್ದರೆ ಈಗಲೂ ಮೆತ್ತಗೆ, ಗಟ್ಟಿಯಾಗಿ ಇರುತ್ತದೆ. ವ್ಯತ್ಯಾಸ ಮಾಡಿದ್ದು ಬಿಸಿಲು.

ಪ್ಲಾಸ್ಟಿಕ್ ಅಂದರೆ ತುಂಬಾ ಉದ್ದದ ಸರಪಳಿಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿರುವ ವಸ್ತು. ಆ ಉದ್ದದಿಂದಲೇ ಅದು ಬಾಗುತ್ತದೆ, ಹರಿಯುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ ಗಾಳಿಯ ಆಮ್ಲಜನಕ ಈ ಸರಪಳಿಗೆ ಅಂಟಿಕೊಂಡು ಅಲ್ಲಲ್ಲಿ ಕತ್ತರಿಸುತ್ತಾ ಹೋಗುತ್ತದೆ. ಸರಪಳಿ ಗಿಡ್ಡ ಆದಷ್ಟೂ ವಸ್ತು ಬಿರುಸಾಗುತ್ತದೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತವೆ, ಆಮೇಲೆ ಯಾವುದಾದರೂ ಉಜ್ಜಿದರೆ ಸಾಕು, ಚೂರು ಕಳಚಿ ಬರುತ್ತದೆ. ಕರಗಿ ಹೋಗುವುದಿಲ್ಲ, ಕೊಳೆಯುವುದೂ ಇಲ್ಲ. ಸುಮ್ನೆ ಚಿಕ್ಕದಾಗುತ್ತದೆ, ಅಷ್ಟೇ.

ಎಷ್ಟು ಚಿಕ್ಕದು ಅಂತ ನೀನೇ ಲೆಕ್ಕ ಹಾಕು. 30 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಒಂದು ಟಾರ್ಪಾಲ್ ತುಂಡು, ಅಂದರೆ ದೊಡ್ಡ ಕರ್ಚೀಫಿನಷ್ಟು. ಅದು ಒಂದೊಂದು ಮಿಲಿಮೀಟರ್ ಚೌಕವಾಗಿ ಒಡೆದರೆ 90,000 ಚೂರು. ಪ್ರತಿ ಚೂರೂ ಮತ್ತೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಚೌಕಗಳಾದರೆ 90 ಲಕ್ಷ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಚೂರನ್ನೆಲ್ಲ ಮೈಕ್ರೋಪ್ಲಾಸ್ಟಿಕ್ ಅಂತಾರೆ. ಇಂಗ್ಲೆಂಡಿನ ಪ್ಲಿಮತ್‌ನ ರಿಚರ್ಡ್ ಥಾಂಪ್ಸನ್ ಮತ್ತು ಅವರ ಜೊತೆಗಾರರು 2004ರಲ್ಲಿ ಕಡಲತೀರದ ಮರಳಲ್ಲಿ ಇಂಥ ಚೂರು ಹುಡುಕಿ ತೋರಿಸಿದ ಮೇಲೆ ಈ ಹೆಸರು ಎಲ್ಲರ ಬಾಯಿಗೆ ಬಂತು.

ಈಗ ಕೇಳು, ಹೆಚ್ಚಿನವರು ಇಲ್ಲೇ ತಪ್ಪು ತಿಳಿಯುವುದು. ಪ್ಲಾಸ್ಟಿಕ್ ಆಳ ಸಮುದ್ರದಲ್ಲಿ ತೇಲುತ್ತಾ ತೇಲುತ್ತಾ ಪುಡಿ ಆಗುತ್ತದೆ ಅಂದುಕೊಳ್ಳುತ್ತಾರೆ. ನೀರಲ್ಲಿ ಆ ಕೆಲಸ ತುಂಬಾ ನಿಧಾನ, ಯಾಕೆಂದರೆ ನೀರು ತಂಪು, ಮೇಲೆ ಪಾಚಿ ಹತ್ತಿದರೆ ಬಿಸಿಲೂ ತಾಗುವುದಿಲ್ಲ. ಜಾಸ್ತಿ ಪುಡಿ ಆಗುವುದು ದಡದಲ್ಲಿ. ಮಳೆಗಾಲದ ಅಲೆ ಕಸವನ್ನು ಮರಳ ಮೇಲೆ ಎಸೆಯುತ್ತದೆ, ಆಮೇಲೆ ಬೇಸಿಗೆ ಪೂರ್ತಿ ಕಾದ ಮರಳಲ್ಲಿ ಅದು ಸುಡುತ್ತದೆ, ದೊಡ್ಡ ಅಲೆ ಬಂದಾಗ ಮರಳು ಉಪ್ಪುಕಾಗದದ ಹಾಗೆ ಅದನ್ನು ತಿಕ್ಕುತ್ತದೆ, ಚೂರು ವಾಪಸ್ ಕಡಲಿಗೆ. ಅದಕ್ಕೇ ದಡದಲ್ಲಿ ಇಡಿಯಾಗಿ ಸಿಗುವಾಗಲೇ ಹೆಕ್ಕಿದರೆ ಮಾತ್ರ ಹೆಕ್ಕಿದಂತೆ.

ನಮ್ಮ ಟಾರ್ಪಾಲ್ ಅಲ್ಲಿಗೆ ಹೇಗೆ ಹೋಗುತ್ತದೆ ಅಂತೀಯಾ? ಕಾವೇರಿಗೆ ಬಿದ್ದದ್ದು ದೂರದ ಪಯಣ, ನಡುವೆ ಕೆಆರ್‌ಎಸ್‌ನಂಥ ಅಣೆಕಟ್ಟುಗಳಲ್ಲಿ ತುಂಬಾ ತಡೆ ಆಗುತ್ತದೆ. ಆದರೆ ವಿರಾಜಪೇಟೆ ಕಡೆಯ ಪಶ್ಚಿಮದ ತೋಡುಗಳು ಬರಪೊಳೆಗೆ ಸೇರುತ್ತವೆ. ಬರಪೊಳೆ ಘಟ್ಟ ಇಳಿದು ಇರಿಟ್ಟಿ ಕಡೆ ಹೋಗಿ ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಹತ್ತಿರ ಅಳೀಕ್ಕಲ್‌ನಲ್ಲಿ ಕಡಲು ಸೇರುತ್ತದೆ. ನಡುವೆ ಪಳಶ್ಶಿ ಅಣೆಕಟ್ಟು ಇದೆ ನಿಜ, ಆದರೆ ಆಷಾಢದ ನೆರೆಯಲ್ಲಿ ನೀರು ಅಲ್ಲಿ ನಿಲ್ಲುವುದಿಲ್ಲ. ಟಾರ್ಪಾಲ್ ಪಾಲಿಥಿನ್, ನೀರಿಗಿಂತ ಹಗುರ, ತೇಲಿಕೊಂಡೇ ಹೋಗುತ್ತದೆ. ನೀರಿನ ಬಾಟಲಿ ಬೇರೆ ಜಾತಿಯ ಪ್ಲಾಸ್ಟಿಕ್, ಒಳಗೆ ನೀರು ತುಂಬಿದರೆ ಮುಳುಗುತ್ತದೆ, ಅದರ ಮುಚ್ಚಳ ಮಾತ್ರ ತೇಲುತ್ತದೆ. ಅದಕ್ಕೇ ದಡದಲ್ಲಿ ಅಷ್ಟೊಂದು ಮುಚ್ಚಳ ಸಿಗುವುದು.

ಇನ್ನು ಹೊಟ್ಟೆಯ ವಿಷಯ. ಚೂರಿನ ಮೇಲೆ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ, ಪಾಚಿಯ ಲೋಳೆ ಕಟ್ಟುತ್ತದೆ. ಆಗ ಅದರ ವಾಸನೆಯೂ ಆಹಾರದ್ದೇ ಆಗಿಬಿಡುತ್ತದೆ. ಕಡಲಲ್ಲಿ ಕೋಪೆಪಾಡ್ ಅಂತ ಒಂದು ಜೀವಿ ಇದೆ, ಅಕ್ಕಿ ಕಾಳಿಗಿಂತ ಚಿಕ್ಕದು, ಹೆಚ್ಚಿನವು ಒಂದೆರಡು ಮಿಲಿಮೀಟರ್. ಅದು ಪಾಚಿ ತಿನ್ನುವಾಗ ಪಾಚಿಯಷ್ಟೇ ದೊಡ್ಡ ಪ್ಲಾಸ್ಟಿಕ್ ಕಣವನ್ನೂ ನುಂಗುತ್ತದೆ. ಇದನ್ನು 2013ರಲ್ಲೇ ಪ್ರಯೋಗದಲ್ಲಿ ಹೊಳೆಯುವ ಕಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ, ಪಾರದರ್ಶಕ ಮೈಯೊಳಗೆ ಕಣಗಳು ಸಾಲಾಗಿ ಕೂತಿದ್ದವು. ಅದು ಹೊಟ್ಟೆ ತುಂಬಿದ ಹಾಗೆ ಇದ್ದು ಪಾಚಿ ಕಡಿಮೆ ತಿನ್ನುತ್ತದೆ.

ಈ ಕೋಪೆಪಾಡನ್ನು ಮತ್ತಿ ತಿನ್ನುತ್ತದೆ. ನಾಳೆ ಮತ್ತಿ ತಂದರೆ ಕಿವಿರಿನ ಮುಚ್ಚಳ ಎತ್ತಿ ಒಳಗೆ ನೋಡು, ಕೆಂಪು ಕಿವಿರಿನ ಇನ್ನೊಂದು ಬದಿಗೆ ಬಾಚಣಿಗೆಯ ಹಲ್ಲಿನಂಥ ಬಿಳಿ ಕಡ್ಡಿಗಳು ಒತ್ತೊತ್ತಾಗಿ ಇರುತ್ತವೆ. ಮತ್ತಿ ಬಾಯಿ ತೆರೆದು ಈಜುತ್ತದೆ, ನೀರು ಆ ಕಡ್ಡಿಗಳ ನಡುವೆ ಸೋರಿ ಹೋಗುತ್ತದೆ, ಸಿಕ್ಕಿದ್ದು ಹೊಟ್ಟೆಗೆ. ಜರಡಿಗೆ ಪಾಚಿ ಯಾವುದು, ಟಾರ್ಪಾಲ್ ಯಾವುದು ಅಂತ ಗೊತ್ತಾಗಲ್ಲ ಅಲ್ವಾ. ನೇರವಾಗಿಯೂ ಹೋಗುತ್ತದೆ, ಕೋಪೆಪಾಡಿನ ಒಳಗೆ ಕೂತೂ ಹೋಗುತ್ತದೆ.

ನಾನು ಮಂಗಳೂರಲ್ಲಿ ಲ್ಯಾಬ್‌ನಲ್ಲಿದ್ದಾಗ ಮಾಡಿದ ಕೆಲಸವೇ ಇದು. ಮೀನಿನ ಕರುಳನ್ನು ಹತ್ತು ಪರ್ಸೆಂಟ್ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ನೀರಲ್ಲಿ ಬಿಸಿಗೆ ಇಟ್ಟರೆ ಮಾಂಸ ಎಲ್ಲ ಕರಗುತ್ತದೆ, ಪ್ಲಾಸ್ಟಿಕ್ ಉಳಿಯುತ್ತದೆ. ಸೋಸಿ, ಅನುಮಾನದ ಚೂರಿಗೆ ಕಾದ ಸೂಜಿ ತಾಗಿಸಿದರೆ ಪ್ಲಾಸ್ಟಿಕ್ ಆಗಿದ್ದರೆ ಮುದುಡುತ್ತದೆ ಅಥವಾ ಅಂಟುತ್ತದೆ. ಒಂದು ಸಲ ಪ್ರತಿ ಮೀನಲ್ಲೂ ನೀಲಿ ಎಳೆ ಸಿಕ್ಕಿತು, ನನಗೆ ಗಾಬರಿ. ನೋಡಿದರೆ ಪಕ್ಕದಲ್ಲಿ ಖಾಲಿ ಇಟ್ಟಿದ್ದ ಸೋಸುಕಾಗದದಲ್ಲೂ ಅದೇ ಎಳೆ, ನನ್ನ ಸಿಂಥೆಟಿಕ್ ದುಪಟ್ಟಾದ್ದು! ಮೂರು ವಾರದ ಕೆಲಸ ಪೂರ್ತಿ ಬಿಟ್ಟು ಮತ್ತೆ ಶುರು ಮಾಡಿದೆ. ಅದಕ್ಕೇ "ಮೀನಲ್ಲಿ ಇಷ್ಟು ಎಳೆ ಸಿಕ್ಕಿತು" ಅಂತ ಯಾರಾದರೂ ಫಾರ್ವರ್ಡ್ ಹಾಕಿದರೆ ನಾನು ಮೊದಲು ಕೇಳುವುದು, ಖಾಲಿ ಕಾಗದ ಇಟ್ಟಿದ್ದರಾ ಅಂತ.

ದೊಡ್ಡ ಮೀನು ಸಣ್ಣ ಮೀನನ್ನು ತಿಂದಾಗ ಪಾದರಸದ ಹಾಗೆ ಇದೂ ಮೈಯಲ್ಲಿ ಕೂಡುತ್ತಾ ಹೋಗುತ್ತದಾ ಅಂದರೆ, ಹಾಗೆ ಹೇಳಲು ಬರುವುದಿಲ್ಲ. ಪಾದರಸ ಮಾಂಸದಲ್ಲೇ ಕೂರುತ್ತದೆ, ಚೂರು ಬಹುಪಾಲು ಕರುಳಲ್ಲೇ ಇದ್ದು ಹೊರಗೆ ಹೋಗುತ್ತದೆ. 2013ರ ಇನ್ನೊಂದು ಪ್ರಯೋಗದಲ್ಲಿ ಪ್ಲಾಸ್ಟಿಕ್ ಕಣ ತಿಂದ ಚಿಪ್ಪುಜೀವಿಯನ್ನು ಏಡಿಗೆ ತಿನ್ನಿಸಿದರು. 24 ಗಂಟೆಯಲ್ಲಿ ಏಡಿಯ ರಕ್ತದಲ್ಲಿ ಕಣ ಅತಿ ಜಾಸ್ತಿ ಇತ್ತು, 21 ದಿನಕ್ಕೆ ಹೆಚ್ಚುಕಮ್ಮಿ ಇಲ್ಲವಾಯಿತು. ಒಂದರಿಂದ ಒಂದಕ್ಕೆ ದಾಟುವುದು ನಿಜ, ತೀರಾ ಸಣ್ಣ ಕಣ ಕರುಳು ದಾಟಿ ರಕ್ತಕ್ಕೆ ಹೋಗುವುದೂ ನಿಜ. ಆದರೆ ಕಡಲಲ್ಲಿ ಹೊಸದಾಗಿ ಬರುತ್ತಲೇ ಇರುವಾಗ ಆ 21 ದಿನದ ಬಿಡುವು ಏಡಿಗೆ ಎಲ್ಲಿ ಸಿಗುತ್ತದೆ?

ಹಾಗಾಗಿ ಮತ್ತಿ ತಿನ್ನು, ಧೈರ್ಯವಾಗಿ ತಿನ್ನು. ಹೊಟ್ಟೆ, ಕಿವಿರು ತೆಗೆದು ಚೆನ್ನಾಗಿ ತೊಳೆದರೆ ಬಹುಪಾಲು ಅಲ್ಲೇ ಹೋಗುತ್ತದೆ. ಇಡಿಯಾಗಿ ತಿನ್ನುವ ಸಣ್ಣ ಒಣಮೀನು, ಒಣ ಸಿಗಡಿ, ಕಣ್ಣೂರಿಂದ ಬರುವ ಕಲ್ಲುಮ್ಮಕಾಯಿ ಅನ್ನುವ ಚಿಪ್ಪುಜೀವಿ, ಇವುಗಳಲ್ಲಿ ಮಾತ್ರ ಕರುಳೂ ನಮ್ಮ ತಟ್ಟೆಗೆ ಬರುತ್ತದೆ. ಕಲ್ಲುಮ್ಮಕಾಯಿ ಗಂಟೆಗೆ ಲೀಟರ್‌ಗಟ್ಟಲೆ ನೀರು ಸೋಸುವ ಜೀವಿ, ಅದೂ ಬರಪೊಳೆ ಸೇರುವ ಅದೇ ಕರಾವಳಿಯಲ್ಲಿ.

ಅಣ್ಣಾ, ನೀನೂ ಇದನ್ನು ಕೇಳುತ್ತಿದ್ದರೆ, ತೋಡಿನ ಮೇಲ್ಗಡೆ ಸೌದೆಗೆ ಹೊದಿಸಿರುವ ಆ ಹರಕು ಟಾರ್ಪಾಲನ್ನು ಮಳೆ ಹಿಡಿಯುವ ಮೊದಲು ತೆಗೆಸಿಬಿಡು. ಎಳೆಯಬೇಡ, ಪುಡಿ ಉದುರುತ್ತದೆ. ನಿಧಾನ ಮಡಿಸಿ ಗೋಣಿಚೀಲದೊಳಗೆ ಹಾಕಿಸು, ಭಾನುವಾರ ಬಂದಾಗ ನಾನೇ ತಗೊಂಡು ಹೋಗುತ್ತೇನೆ.