ಸಹಾಯ ಬೇಕು: ನೆನಪೋಲೆಗೆ ಹಳೆಯ ವಿಷಯ ಸಾಲನ್ನೇ ಉಳಿಸಲೇ, ಹೊಸದು ಬರೆಯಲೇ?

ಎಲ್ಲರಿಗೂ ನಮಸ್ಕಾರ. ನಾನು ಸ್ವತಂತ್ರವಾಗಿ ವೆಬ್ ವಿನ್ಯಾಸದ ಕೆಲಸ ಮಾಡುತ್ತೇನೆ. ಕರಡು ಕಳುಹಿಸಿದ ಮೇಲೆ ಗ್ರಾಹಕರು ಇಮೇಲ್ ತೆರೆಯದೇ ಇರುವುದರಿಂದ ಕೆಲಸ ಅಲ್ಲಿಗೇ ನಿಂತುಬಿಡುತ್ತಿದೆ.

ಮೊದಲು ವಿಷಯ ಸಾಲಿನಲ್ಲಿ "ಯೋಜನೆಯ ಕುರಿತು" ಎಂದು ಬರೆಯುತ್ತಿದ್ದೆ. ಅದರಿಂದ ಒಳಗೇನಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಆಮೇಲೆ "ತುರ್ತು!!! ಕೂಡಲೇ ನೋಡಿ" ಎಂದು ಬರೆದಾಗ, ಅದನ್ನು ಜಾಹೀರಾತೆಂದು ಭಾವಿಸಿ ಅಳಿಸಿದೆನೆಂದು ಒಬ್ಬ ಗ್ರಾಹಕರು ಫೋನಿನಲ್ಲಿ ಹೇಳಿದರು. ಹೊಸ ಪತ್ರಕ್ಕೂ "Re:" ಸೇರಿಸುವಂತೆ ಕೆಲವರು ಸಲಹೆ ಕೊಟ್ಟರು. ಅದು ಓದುವವರನ್ನು ವಂಚಿಸಿದಂತೆ ಎಂದು ನಾನು ಒಪ್ಪಲಿಲ್ಲ.

ಮೊಬೈಲಿನಲ್ಲಿ ಸಾಲಿನ ಆರಂಭವಷ್ಟೇ ಕಾಣುವುದರಿಂದ, ಈಗ ಬೇಕಾದ ನಿರ್ಧಾರವನ್ನೂ ದಿನವನ್ನೂ ಮೊದಲಿಗೇ ಇಟ್ಟು, "ಶುಕ್ರವಾರದೊಳಗೆ ಒಪ್ಪಿಗೆ ಬೇಕು: ಮುಖಪುಟದ ಕರಡು 2" ಎಂದು ಬರೆಯುತ್ತಿದ್ದೇನೆ. ಇದಕ್ಕೆ ಉತ್ತರಗಳು ಬರತೊಡಗಿವೆ.

ಗೊಂದಲವಿರುವುದು, ಉತ್ತರ ಬಾರದಿದ್ದಾಗ ಮತ್ತೆ ಕಳುಹಿಸುವ ನೆನಪೋಲೆಯಲ್ಲಿ. ಅದೇ ಪತ್ರಕ್ಕೆ ಮರು ಉತ್ತರವಾಗಿ ಕಳುಹಿಸಿದರೆ, ಶುಕ್ರವಾರ ಕಳೆದಿದ್ದರೂ ಹಳೆಯ ಸಾಲೇ ಉಳಿದು, ಓದಿ ಮುಗಿಸಿದ ಪತ್ರದಂತೆ ಕಾಣುತ್ತದೆ. "ಮಂಗಳವಾರದೊಳಗೆ" ಎಂದು ಬದಲಿಸಿದರೆ, ಜಿಮೇಲ್‌ನಲ್ಲಿ ಅದು ಬೇರೆಯೇ ಸಂಭಾಷಣೆಯಾಗಿ, ಹಿಂದಿನ ಚರ್ಚೆಯೂ ಕರಡೂ ಅದರಿಂದ ದೂರವಾಗುತ್ತವೆ.

ಇಂಥ ಒಪ್ಪಿಗೆಯ ನೆನಪೋಲೆಗೆ ನೀವು ಹಳೆಯ ಸಾಲನ್ನೇ ಉಳಿಸುತ್ತೀರಾ, ಅಥವಾ ಹೊಸ ಸಾಲು ಬರೆದು ಕರಡನ್ನು ಮತ್ತೆ ಲಗತ್ತಿಸುತ್ತೀರಾ? ಯಾವುದಕ್ಕೆ ನಿಮಗೆ ಬೇಗ ಉತ್ತರ ಬಂದಿದೆ ಎಂಬುದನ್ನು, ನೀವು ಬಳಸಿದ ಸಾಲಿನೊಂದಿಗೆ ದಯವಿಟ್ಟು ತಿಳಿಸುವಿರಾ?