ಸಹಾಯ ಬೇಕು: ಅಂಗಡಿಗೆ ಸೇವಿಂಗ್ಸ್ ಸಾಕಾ, ಕರೆಂಟ್ ಅಕೌಂಟ್ ಮಾಡಿಸಬೇಕಾ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಜಿನಸಿನ ಅಂಗಡಿ ಇದೆ. ಇಷ್ಟು ದಿನ ವ್ಯಾಪಾರದ ದುಡ್ಡೆಲ್ಲ ನನ್ನ ಸೇವಿಂಗ್ಸ್ ಖಾತೆಗೇ ಹೋಗುತ್ತಿತ್ತು. ಮೂರು ದಿನಕ್ಕೊಮ್ಮೆ ಸುಮಾರು 12,000 ರೂಪಾಯಿ ನಗದು ಕಟ್ಟುತ್ತೇನೆ, ತಿಂಗಳಿಗೆ 10 ಸಲ. ನಮ್ಮ ಬ್ಯಾಂಕಲ್ಲಿ ಮೂರು ಸಲ ಮಾತ್ರ ಉಚಿತ. ಆಮೇಲೆ ಸಲಕ್ಕೆ 50 ರೂಪಾಯಿ, ಜಿಎಸ್‌ಟಿ ಸೇರಿ 59. ಅಂದರೆ ತಿಂಗಳಿಗೆ 413 ರೂಪಾಯಿ ಸುಮ್ನೆ ಹೋಗುತ್ತದೆ. ಪಾಸ್‌ಬುಕ್ ನೋಡಿದಾಗಲೇ ಗೊತ್ತಾಗಿದ್ದು!

ಇನ್ನೊಂದು ತಲೆಬಿಸಿ. ವರ್ಷಕ್ಕೆ ಲೆಕ್ಕ ಹಾಕಿದರೆ 14.4 ಲಕ್ಷ ನಗದು ಆಗುತ್ತದೆ. ಸೇವಿಂಗ್ಸ್‌ನಲ್ಲಿ 10 ಲಕ್ಷ ಮುಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಕರೆಂಟ್ ಅಕೌಂಟಿಗೆ ಆ ಮಿತಿ 50 ಲಕ್ಷ. ತಿಳಿಸಿದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ, ಆದರೆ ಕೇಳಿದರೆ ಲೆಕ್ಕ ತೋರಿಸಬೇಕಲ್ವಾ? ಸೇವಿಂಗ್ಸ್ ಇರುವುದು ವ್ಯಾಪಾರಕ್ಕಲ್ಲ ಎಂದು ಮ್ಯಾನೇಜರ್ ಕೂಡ ಹೇಳಿದರು.

ಕರೆಂಟ್ ಅಕೌಂಟಲ್ಲಿ ಬಡ್ಡಿ ಇಲ್ಲ, ಸರಾಸರಿ 10,000 ಇರಲೇಬೇಕಂತೆ. ಬಡ್ಡಿ ಹೋದರೆ ವರ್ಷಕ್ಕೆ ಇನ್ನೂರು ಮುನ್ನೂರು, ಅದು ಬಿಡಿ. ನನ್ನ ಚಿಂತೆ ಓಣಂ ಮುಂಚೆ ಸರಕು ತುಂಬಿಸುವಾಗ ಖಾತೆ ಖಾಲಿಯಾಗುವುದು.

ಕಾಸರಗೋಡು, ಕುಂಬಳೆ ಕಡೆಯ ಅಂಗಡಿಯವರು ಹೇಳಿ: ಬ್ಯಾಲೆನ್ಸ್ ಕಡಿಮೆಯಾದಾಗ ಎಷ್ಟು ದಂಡ ಹಿಡಿದರು? ಪಂಚಾಯತ್ ಲೈಸೆನ್ಸ್, ಉದ್ಯಮ್ ನೋಂದಣಿ ಎರಡೂ ಕೇಳಿದರಾ?