ಸಹಾಯ ಬೇಕು: ಚಂದಾದಾರರಿಗೆ ಕಳುಹಿಸುವ ಪೆಟ್ಟಿಗೆಗೆ ನಿಜವಾಗಿ ಹಣ ಕೊಡುವವರನ್ನು ತಿಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವಳು. ಬೆಂಗಳೂರಿನಲ್ಲಿರುವ ಮಲೆನಾಡಿನವರಿಗೆ ಪ್ರತಿ ತಿಂಗಳು ಚಂದಾ ಪಡೆದು ಒಂದು ಪೆಟ್ಟಿಗೆ ಕಳುಹಿಸುವ ಯೋಚನೆಯಿದೆ. ಒಂದು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು ಇರುವ ಅಡುಗೆಯ ಪೆಟ್ಟಿಗೆ. ಇನ್ನೊಂದು, ಅಡಿಕೆ ಹಾಳೆಯಿಂದ ಮಕ್ಕಳು ತಾವೇ ಆಟಿಕೆ ಮಾಡಿಕೊಳ್ಳುವ ಪೆಟ್ಟಿಗೆ.

ಪರಿಚಿತರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಅಡುಗೆಯ ಪೆಟ್ಟಿಗೆಗೆ 46 ಮಂದಿ "ಖಂಡಿತ ಬೇಕು" ಎಂದರು. ಆದರೆ 599 ರೂಪಾಯಿ ಮುಂಗಡ ಕೇಳಿ ಕ್ಯೂಆರ್ ಕೋಡ್ ಕಳುಹಿಸಿದ ಮೇಲೆ ಹಣ ಹಾಕಿದವರು 5 ಮಂದಿ ಮಾತ್ರ. ಹಾಳೆಯ ಪೆಟ್ಟಿಗೆಯನ್ನು ಕೇಳಿದವರು ಕೇವಲ 14, ಹಣ ಕೊಟ್ಟವರು 6. ಹಿಂದೆ ಸರಿದ ಒಬ್ಬರು, "ಒಂದು ಬಾಟಲಿ ಉಪ್ಪಿನಕಾಯಿ ನಮಗೆ ಮೂರು ತಿಂಗಳು ಬರುತ್ತದೆ, ಪ್ರತಿ ತಿಂಗಳು ಯಾಕೆ?" ಎಂದು ಕೇಳಿದರು. ರುಚಿಯ ಬಗ್ಗೆಯೇ ಯೋಚಿಸುತ್ತಿದ್ದ ನನಗೆ ವಸ್ತು ಮುಗಿಯುವ ವೇಗ ಹೊಳೆದೇ ಇರಲಿಲ್ಲ.

ಪರಿಚಿತರು ದಾಕ್ಷಿಣ್ಯಕ್ಕೂ ಕೊಟ್ಟಿರಬಹುದಾದ್ದರಿಂದ, ಈಗ ಅಪರಿಚಿತರಿಗೆ ಎರಡು ಪ್ರತ್ಯೇಕ ಜಾಹೀರಾತುಗಳನ್ನು ಒಂದೇ ಬೆಲೆ, ಒಂದೇ ಖರ್ಚು, ಹತ್ತು ದಿನಗಳ ಅವಧಿಯಲ್ಲಿ ತೋರಿಸಿ, 25 ಮಂದಿ ಸೇರದಿದ್ದರೆ ಪೂರ್ತಿ ಹಣ ಹಿಂದಿರುಗಿಸುವುದಾಗಿ ಮೊದಲೇ ತಿಳಿಸಬೇಕೆಂದಿದ್ದೇನೆ. ಮೊದಲ ಪೆಟ್ಟಿಗೆಯನ್ನು ಕುತೂಹಲಕ್ಕೂ ಕೊಳ್ಳುತ್ತಾರೆ. ಎರಡನೆಯ ತಿಂಗಳ ಹಣವೇ ನಿಜವಾದ ಉತ್ತರವೆಂದು ನನಗನಿಸುತ್ತದೆ.

ಅನುಭವವಿರುವವರು ದಯವಿಟ್ಟು ತಿಳಿಸಿ: ಮುಂಗಡವಾಗಿ ಪೂರ್ತಿ ಬೆಲೆ ಕೇಳಬೇಕೇ, ನೂರು ರೂಪಾಯಿ ಸಾಕೇ? ಅಡುಗೆಯ ಪೆಟ್ಟಿಗೆಯನ್ನು ಮೂರು ತಿಂಗಳಿಗೊಮ್ಮೆ ಎಂದು ಬದಲಿಸಿದರೆ, ಎರಡರ ಹೋಲಿಕೆ ಸರಿಯಾಗಿ ಉಳಿಯುತ್ತದೆಯೇ?